ಬರ್ಗರ್‌ನಲ್ಲಿ ಎಷ್ಟು ಸೆಂಟಿಮೀಟರ್ ಶಾರ್ಪ್ ಬೇಕು? ಫುಡ್ ಶೂಟ್ ಬ್ರೀಫ್‌ಗೆ ಲೆನ್ಸ್ ಸಾಲು ಬರೆಯುವ ವಿಧಾನ

"ಅಪರ್ಚರ್ ಜಾಸ್ತಿ ಇರಲಿ." ಒಂದು ಬರ್ಗರ್ ಶೂಟ್‌ಗೆ ನಾನು ಕಳಿಸಿದ ಬ್ರೀಫ್‌ನಲ್ಲಿ ಈ ಸಾಲಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ಲೆನ್ಸಿನ ಬಾಯಿ ದೊಡ್ಡದಾಗಿ ತೆರೆದಿರಲಿ, ಹಿಂದಿರುವುದೆಲ್ಲ ಕರಗಿಹೋಗಲಿ ಅಂತ. ಫೋಟೋಗ್ರಾಫರ್ ಓದಿಕೊಂಡದ್ದು ಎಫ್ ನಂಬರ್ ಜಾಸ್ತಿ ಇರಲಿ ಅಂತ. ಆ ನಂಬರ್ ದೊಡ್ಡದಾದಷ್ಟೂ ಲೆನ್ಸಿನ ಬಾಯಿ ಚಿಕ್ಕದು. ಅವರು f/16ರಲ್ಲಿ ತೆಗೆದರು. ಬರ್ಗರ್ ಹಿಂದಿನ ಟೇಬಲ್ಲಿನ ಗೀರು, ಬಟ್ಟೆಯ ಮಡಿಕೆ, ಎಲ್ಲ ಎದ್ದು ಕಾಣುತ್ತಿತ್ತು. ತಪ್ಪು ಅವರದ್ದಲ್ಲ. ಆ ಒಂದು ಸಾಲನ್ನು ಎರಡು ರೀತಿಯಲ್ಲೂ ಓದಬಹುದು, ಎರಡೂ ಸರಿ.

ಮತ್ತೆ ಶೂಟ್ ಮಾಡಿದಾಗ ಬೇರೆ ತೊಂದರೆ ಬಂತು. ಈ ಸಲ "ಹಿಂದೆ ಪೂರ್ತಿ ಬ್ಲರ್ ಆಗಿರಲಿ" ಅಂತ ಬರೆದಿದ್ದೆ. f/2.8ರಲ್ಲಿ ತೆಗೆದ ಚಿತ್ರ ಬಂತು. ಹಿನ್ನೆಲೆ ಚೆನ್ನಾಗಿ ಕರಗಿತ್ತು, ಆದರೆ ಚೀಸ್‌ನ ಒಂದು ಹನಿ ಬಿಟ್ಟರೆ ಬರ್ಗರ್ ಕೂಡ ಕರಗಿತ್ತು. ಮಾರಬೇಕಾದದ್ದೇ ಬರ್ಗರ್, ಅದೇ ಮಸುಕಾದರೆ ಚಿತ್ರ ಇಟ್ಟುಕೊಂಡು ಏನು ಮಾಡುವುದು?

ಆಮೇಲೆ ನಾನು ಬ್ರೀಫ್ ಬರೆಯುವ ಕ್ರಮವನ್ನೇ ತಿರುಗಿಸಿದೆ. ಮೊದಲು ಬ್ಲರ್ ಬಗ್ಗೆ ಯೋಚಿಸುವುದಿಲ್ಲ. ತಿನಿಸಿನಲ್ಲಿ ಎಷ್ಟು ಸೆಂಟಿಮೀಟರ್ ಶಾರ್ಪ್ ಇರಬೇಕು ಅಂತ ಅಳೆಯುತ್ತೇನೆ. ಅದರಿಂದ ಎಫ್ ನಂಬರ್ ಬರುತ್ತದೆ. ಲೆನ್ಸ್ ಆಯ್ಕೆ ಅದರ ನಂತರ. ಹಿನ್ನೆಲೆಯ ಬ್ಲರ್ ಕೊನೆಗೆ, ಅದೂ ಹೆಚ್ಚಾಗಿ ಲೆನ್ಸಿನಿಂದಲ್ಲ, ಹಿನ್ನೆಲೆಯನ್ನು ಎಷ್ಟು ದೂರ ಇಡುತ್ತೇವೆ ಅನ್ನುವುದರಿಂದ. ಅದೇ ಬರ್ಗರನ್ನು ಇಟ್ಟುಕೊಂಡು ಈ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಸ್ಕೇಲ್ ತೆಗೆದುಕೊಂಡು ಅಳೆಯಿರಿ

ನಮ್ಮ ಬರ್ಗರ್ 11 ಸೆಂ.ಮೀ. ಅಗಲ. ಕ್ಯಾಮೆರಾ ಬಹುತೇಕ ಬರ್ಗರ್‌ನ ಮಟ್ಟದಲ್ಲೇ, ಎದುರಿನಿಂದ ನೋಡುತ್ತಿದೆ. ಮುಂದುಗಡೆ ಲೆಟಿಸ್ ಎಲೆಯ ತುದಿ ಒಂದು ಸೆಂಟಿಮೀಟರಿನಷ್ಟು ಹೊರಗೆ ಚಾಚಿದೆ.

ಈಗ ಬರ್ಗರನ್ನು ಮೇಲಿನಿಂದ ನೋಡಿದ ಹಾಗೆ ಊಹಿಸಿಕೊಳ್ಳಿ. ಅದೊಂದು ದುಂಡು. ಕ್ಯಾಮೆರಾಗೆ ಹತ್ತಿರ ಇರುವುದು ಅದರ ಮುಂದಿನ ಮುಖ, ಅಂದರೆ ಚೀಸ್ ಇಳಿದಿರುವ ಜಾಗ. ಎಡಗಡೆ, ಬಲಗಡೆ ಕಾಣುವ ಅಂಚು ಅದಕ್ಕಿಂತ ಹಿಂದಿದೆ. ಎಷ್ಟು ಹಿಂದೆ? ದುಂಡಿನ ಅರ್ಧದಷ್ಟು, ಅಂದರೆ 5.5 ಸೆಂ.ಮೀ. ಅದರಾಚೆಯ ಹಿಂದಿನ ಅರ್ಧ ಕ್ಯಾಮೆರಾಗೆ ಕಾಣುವುದೇ ಇಲ್ಲ.

ಹಾಗಾಗಿ ನಾವು ಕೇಳಬೇಕಾದ ಡೆಪ್ತ್, ಅಂದರೆ ಮುಂದಿನಿಂದ ಹಿಂದಕ್ಕೆ ಶಾರ್ಪ್ ಇರಬೇಕಾದ ಜಾಗದ ಅಳತೆ, 11 ಸೆಂ.ಮೀ. ಅಲ್ಲ. ಎಲೆಯ ತುದಿಯಿಂದ ಪಕ್ಕದ ಅಂಚಿನವರೆಗೆ 1 ಮತ್ತು 5.5 ಸೇರಿ 6.5 ಸೆಂ.ಮೀ. ಅಷ್ಟು ಶಾರ್ಪ್ ಇದ್ದರೆ ಬರ್ಗರ್‌ನ ಪೂರ್ತಿ ಆಕಾರ ಕಡಿದಿಟ್ಟ ಹಾಗೆ ಕಾಣುತ್ತದೆ.

ಅಷ್ಟೂ ಬೇಕೇ ಬೇಕಾ ಅನ್ನುವುದು ಬೇರೆ ಪ್ರಶ್ನೆ. ಇದನ್ನು ಫೋಟೋಗ್ರಾಫರ್ ಕೇಳುವ ಮೊದಲೇ ನೀವು ತೀರ್ಮಾನಿಸಿರಬೇಕು. ಒಂದು ಶೂಟ್‌ನಲ್ಲಿ ಫುಡ್ ಸ್ಟೈಲಿಸ್ಟ್ ನನ್ನನ್ನು ನೇರವಾಗಿ ಕೇಳಿದ್ದರು: "ಮೇಡಂ, ಎಲೆ ಶಾರ್ಪ್ ಬೇಕಾ, ಚೀಸ್ ಬೇಕಾ? ಅದು ಗೊತ್ತಾದ್ರೆ ಎಲೆನ ಒಳಗೆ ತಳ್ಳಿಬಿಡ್ತೀನಿ." ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಎಲೆಯನ್ನು ಒಂದು ಸೆಂಟಿಮೀಟರ್ ಒಳಗೆ ತಳ್ಳಿದರೆ ಬೇಕಾದ ಡೆಪ್ತ್ 6.5ರಿಂದ 5.5ಕ್ಕೆ ಇಳಿಯುತ್ತದೆ. ಬೆರಳಿನಿಂದ ಆಗುವ ಕೆಲಸಕ್ಕೆ ಲೆನ್ಸನ್ನು ಹಿಂಸಿಸಬೇಕಾಗಿಲ್ಲ. ಬಾಟಲಿಯ ಲೇಬಲ್, ಪ್ಯಾಕೆಟ್ಟಿನ ಹೆಸರು ಓದುವ ಹಾಗಿರಬೇಕು ಅಂದರೂ ಇದೇ ಉಪಾಯ. ಅದನ್ನು ಹಿಂದೆ ಇಟ್ಟು ಡೆಪ್ತ್ ಹೆಚ್ಚಿಸುವ ಬದಲು, ತಿನಿಸಿನ ಶಾರ್ಪ್ ಭಾಗ ಇರುವ ದೂರಕ್ಕೇ ತಂದಿಡಿ.

ಹೆಜ್ಜೆ 2: ಫ್ರೇಮಿನ ಅಗಲ ಬರೆಯಿರಿ

ಡೆಪ್ತ್ ವಿಷಯದಲ್ಲಿ ಎಫ್ ನಂಬರ್‌ಗಿಂತ ಜೋರಾಗಿ ಕೆಲಸ ಮಾಡುವುದು ಇದು. ಬ್ರೀಫ್‌ಗಳಲ್ಲಿ ಹೆಚ್ಚಾಗಿ ಇಲ್ಲದಿರುವುದೂ ಇದೇ. "ಕ್ಲೋಸಪ್" ಅಂತ ಬರೆದರೆ ಒಬ್ಬರಿಗೆ ಪೂರ್ತಿ ಬರ್ಗರ್, ಇನ್ನೊಬ್ಬರಿಗೆ ಚೀಸ್ ಮಾತ್ರ.

ಫೋಕಸ್ ಆಗಿರುವ ಜಾಗದಲ್ಲಿ ಫ್ರೇಮಿನ ಎಡ ಅಂಚಿನಿಂದ ಬಲ ಅಂಚಿಗೆ ಎಷ್ಟು ಸೆಂಟಿಮೀಟರ್ ಹಿಡಿಯುತ್ತದೆ ಅಂತ ಬರೆಯಿರಿ. ನಮ್ಮ ಚಿತ್ರದಲ್ಲಿ ಬರ್ಗರ್‌ನ ಎರಡೂ ಬದಿಗೆ ಒಂದಿಷ್ಟು ಖಾಲಿ ಜಾಗ ಬೇಕು, ಒಂದು ಕಡೆ ಅಕ್ಷರ ಕೂರಿಸಬೇಕು. ಹಾಗಾಗಿ 36 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ ಇರುವುದರಿಂದ, ಬರ್ಗರ್ ಸೆನ್ಸರ್ ಮೇಲೆ ಸರಿಯಾಗಿ ಹತ್ತನೇ ಒಂದು ಅಳತೆಯಲ್ಲಿ ಬೀಳುತ್ತದೆ. ಲೆಕ್ಕಕ್ಕೆ ಸುಲಭ.

ಹೆಜ್ಜೆ 3: ಒಂದು ಗುಣಾಕಾರದಿಂದ ಎಫ್ ನಂಬರ್

ಇಷ್ಟು ಹತ್ತಿರದ ಶೂಟ್‌ಗೆ ಡೆಪ್ತ್ ಲೆಕ್ಕ ಹೀಗಿದೆ:

```
ಡೆಪ್ತ್ = 2 × N × c × (m + 1) / m²
```

ಇಲ್ಲಿ `N` ಅಂದರೆ ಎಫ್ ನಂಬರ್. `m` ಅಂದರೆ ಸೆನ್ಸರ್ ಮೇಲೆ ವಸ್ತು ಎಷ್ಟು ಪಾಲು ದೊಡ್ಡದಾಗಿ ಬೀಳುತ್ತದೆ ಅನ್ನುವುದು, ನಮ್ಮ ಬರ್ಗರ್‌ಗೆ 0.1. `c` ಅಂದರೆ ಕಣ್ಣು ಇನ್ನೂ ಶಾರ್ಪ್ ಅಂತ ಒಪ್ಪಿಕೊಳ್ಳುವ ಮಸುಕಿನ ಚುಕ್ಕೆಯ ಅಳತೆ. ಫುಲ್ ಫ್ರೇಮ್‌ಗೆ ರೂಢಿಯಲ್ಲಿ 0.03 ಮಿ.ಮೀ. ತೆಗೆದುಕೊಳ್ಳುತ್ತಾರೆ.

ಪ್ರತಿ ಸಲ ಈ ಲೆಕ್ಕ ಮಾಡುತ್ತಾ ಕೂರಬೇಕಿಲ್ಲ. ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಫ್ರೇಮ್ 36 ಸೆಂ.ಮೀ. ಅಗಲ ಇದ್ದರೆ ಎಫ್ ನಂಬರನ್ನು 6.6ರಿಂದ ಗುಣಿಸಿ. 18 ಸೆಂ.ಮೀ. ಇದ್ದರೆ 1.8ರಿಂದ. 72 ಸೆಂ.ಮೀ. ಇದ್ದರೆ 25ರಿಂದ. ಬರುವ ಉತ್ತರ ಮಿಲಿಮೀಟರಿನಲ್ಲಿ ಸಿಗುವ ಡೆಪ್ತ್.

ಗಮನಿಸಿ, ಫ್ರೇಮ್ ಅರ್ಧ ಆದರೆ ಡೆಪ್ತ್ ಅರ್ಧ ಆಗುವುದಿಲ್ಲ, ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ. "ಇನ್ನೂ ಸ್ವಲ್ಪ ಹತ್ತಿರ ಹೋಗಿ" ಅಂತ ಸೆಟ್‌ನಲ್ಲಿ ಯಾರಾದರೂ ಅಂದ ಕೂಡಲೇ ಶಾರ್ಪ್ ಜಾಗ ಮಾಯ ಆಗುವುದು ಇದಕ್ಕೇ.

ನಮ್ಮ ಬರ್ಗರ್‌ಗೆ ಹಾಕಿ ನೋಡೋಣ. f/2.8ರಲ್ಲಿ ಸಿಗುವುದು ಬರೀ 18 ಮಿ.ಮೀ. ಆ ಕರಗಿಹೋದ ಬರ್ಗರ್‌ಗೆ ಕಾರಣ ಇಷ್ಟೇ. f/5.6ರಲ್ಲಿ 37 ಮಿ.ಮೀ. ಮುಂದಿನ ಮುಖ ಚೆನ್ನಾಗಿರುತ್ತದೆ, ಪಕ್ಕಗಳು ಮೆತ್ತಗೆ ಮಸುಕಾಗುತ್ತವೆ. f/8ರಲ್ಲಿ 53 ಮಿ.ಮೀ., ಇನ್ನೂ ಸ್ವಲ್ಪ ಸಾಲದು. f/11ರಲ್ಲಿ 73 ಮಿ.ಮೀ. ನಮಗೆ ಬೇಕಾದ 65 ಮಿ.ಮೀ. ಅದರಲ್ಲಿ ಕೂರುತ್ತದೆ.

ಹಾಗಾದರೆ f/22ಗೆ ಹೋಗಿ ನೆಮ್ಮದಿಯಿಂದ ಇರಬಹುದಲ್ವಾ? ಇಲ್ಲ. ಲೆನ್ಸಿನ ಬಾಯಿ ತುಂಬಾ ಕಿರಿದಾದಾಗ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. ಇದಕ್ಕೆ ಡಿಫ್ರಾಕ್ಷನ್ ಅನ್ನುತ್ತಾರೆ. f/8ರಲ್ಲಿ ಈ ಹರಡಿದ ಚುಕ್ಕೆ ಸುಮಾರು 0.011 ಮಿ.ಮೀ. ಇರುತ್ತದೆ, f/22ರಲ್ಲಿ ಸುಮಾರು 0.03 ಮಿ.ಮೀ. ಅಂದರೆ ನಾವು ಯಾವುದನ್ನು ಮಸುಕಿನ ಗಡಿ ಅಂತ ಇಟ್ಟುಕೊಂಡೆವೋ, ಅಲ್ಲಿಗೇ ಬಂದು ಮುಟ್ಟುತ್ತದೆ. ಹಿಂದೆ ಮುಂದೆ ಎಲ್ಲ ಒಂದೇ ಸಮ ಕಾಣುತ್ತದೆ, ಆದರೆ ಬನ್ ಮೇಲಿನ ಎಳ್ಳಿನ ಅಂಚು, ಚೀಸ್ ಮೇಲಿನ ಹೊಳಪು ಎಲ್ಲೂ ಕಡಿದ ಹಾಗೆ ಇರುವುದಿಲ್ಲ. f/11 ನನಗೆ ಒಳ್ಳೆಯ ನಿಲ್ದಾಣ. f/16 ಅನಿವಾರ್ಯ ಆದಾಗ ಮಾತ್ರ.

ಕೋನದ ಬಗ್ಗೆ ಎರಡು ಮಾತು. ಕ್ಯಾಮೆರಾ ನೇರ ಮೇಲಿನಿಂದ ನೋಡುತ್ತಿದ್ದರೆ ಅಳೆಯಬೇಕಾದದ್ದು ತಿನಿಸಿನ ಎತ್ತರ ಮಾತ್ರ. 72 ಸೆಂ.ಮೀ. ಅಗಲದ ಟೇಬಲ್ ಚಿತ್ರದಲ್ಲಿ 5 ಸೆಂ.ಮೀ. ಎತ್ತರದ ಬಟ್ಟಲುಗಳಿದ್ದರೆ f/4 ಸಾಕು, 10 ಸೆಂ.ಮೀ. ಡೆಪ್ತ್ ಸಿಗುತ್ತದೆ. ಪಕ್ಕದಲ್ಲಿ 15 ಸೆಂ.ಮೀ. ಎತ್ತರದ ಗ್ಲಾಸ್ ನಿಲ್ಲಿಸಿದರೆ f/8ಗೆ ಹೋಗಿ. ಓರೆಯಾಗಿ, 45 ಡಿಗ್ರಿಯಿಂದ ನೋಡುವ ಚಿತ್ರ ಕಷ್ಟದ್ದು. 25 ಸೆಂ.ಮೀ. ತಟ್ಟೆಯ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಕ್ಯಾಮೆರಾ ದಿಕ್ಕಿನಲ್ಲಿ ಸುಮಾರು 18 ಸೆಂ.ಮೀ. ವ್ಯತ್ಯಾಸ ಬರುತ್ತದೆ. 36 ಸೆಂ.ಮೀ. ಫ್ರೇಮಿನಲ್ಲಿ f/16 ಕೂಡ ಅಷ್ಟನ್ನು ಕೊಡುವುದಿಲ್ಲ. ಅಂಥ ಚಿತ್ರಕ್ಕೆ ಏನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 4: ಈಗ ಫೋಕಲ್ ಲೆಂತ್

"100 ಮಿ.ಮೀ. ಹಾಕಿದರೆ ಡೆಪ್ತ್ ಕಮ್ಮಿ ಆಗುತ್ತೆ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನಿಂತ ಜಾಗದಲ್ಲೇ ಲೆನ್ಸ್ ಬದಲಿಸಿದರೆ ಅದು ನಿಜ. ಆದರೆ ನಾವು ಹಾಗೆ ಕೆಲಸ ಮಾಡುವುದಿಲ್ಲ. ಫ್ರೇಮ್ 36 ಸೆಂ.ಮೀ. ಅಂತ ಮೊದಲೇ ಗಟ್ಟಿ ಮಾಡಿದ್ದೇವೆ. 50 ಮಿ.ಮೀ. ಲೆನ್ಸಾದರೆ ಹತ್ತಿರ ಹೋಗುತ್ತೇವೆ, 100 ಮಿ.ಮೀ. ಆದರೆ ಹಿಂದೆ ಸರಿಯುತ್ತೇವೆ. ಬರ್ಗರ್ ಎರಡರಲ್ಲೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಗೆ ಮಾಡಿದಾಗ ಒಂದೇ ಎಫ್ ನಂಬರಿಗೆ ಡೆಪ್ತ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಅದರಲ್ಲಿ ಫೋಕಲ್ ಲೆಂತ್, ಅಂದರೆ ಲೆನ್ಸಿನ ಆ ಮಿ.ಮೀ. ಸಂಖ್ಯೆ, ಬರುವುದೇ ಇಲ್ಲ.

ಹಾಗಾದರೆ ಫೋಕಲ್ ಲೆಂತ್ ಏನು ಬದಲಿಸುತ್ತದೆ? ಎರಡು ವಿಷಯ.

ಒಂದು, ತಿನಿಸಿನ ಆಕಾರ. 36 ಸೆಂ.ಮೀ. ಫ್ರೇಮಿಗೆ 24 ಮಿ.ಮೀ. ಲೆನ್ಸ್ ಬರ್ಗರ್‌ನಿಂದ ಸುಮಾರು 26 ಸೆಂ.ಮೀ. ದೂರಕ್ಕೆ ಹೋಗಬೇಕು. ಆಗ ಮುಂದಿರುವ ಭಾಗ 10 ಸೆಂ.ಮೀ. ಹಿಂದಿರುವ ಭಾಗಕ್ಕಿಂತ ಸುಮಾರು 1.4 ಪಟ್ಟು ದೊಡ್ಡದಾಗಿ ಬೀಳುತ್ತದೆ. ಬರ್ಗರ್‌ನ ಮೂಗು ಉಬ್ಬಿದ ಹಾಗೆ ಕಾಣುತ್ತದೆ. 50 ಮಿ.ಮೀ. ಲೆನ್ಸ್ 55 ಸೆಂ.ಮೀ. ದೂರದಿಂದ ನೋಡುತ್ತದೆ, ವ್ಯತ್ಯಾಸ 1.2 ಪಟ್ಟು. 100 ಮಿ.ಮೀ. ಲೆನ್ಸ್ 110 ಸೆಂ.ಮೀ. ದೂರದಿಂದ, ವ್ಯತ್ಯಾಸ 1.1 ಪಟ್ಟು. ಪದರ ಪದರವಾಗಿ ನಿಂತ ತಿನಿಸಿಗೆ ಈ ಕೊನೆಯದು ಚೆಂದ. ಪದರಗಳು ಒಂದರ ಮೇಲೊಂದು ನೆಟ್ಟಗೆ ಕೂರುತ್ತವೆ. ಟೇಬಲ್ಲಿನ ಮುಂದೆ ನಾವೇ ಕೂತಿದ್ದೇವೆ ಅನ್ನುವ ಭಾವ ಬೇಕಿದ್ದರೆ ಮಾತ್ರ ನಾನು 50 ಕೇಳುತ್ತೇನೆ.

ಇನ್ನೊಂದು, ಹಿನ್ನೆಲೆ ಎಷ್ಟು ಅಗಲ ಕಾಣುತ್ತದೆ ಅನ್ನುವುದು. ಬರ್ಗರ್‌ನಿಂದ ಒಂದೂವರೆ ಮೀಟರ್ ಹಿಂದೆ ಪರದೆ ಕಟ್ಟಿದ್ದೀರಿ ಅಂದುಕೊಳ್ಳಿ. 100 ಮಿ.ಮೀ. ಲೆನ್ಸಿಗೆ ಅಲ್ಲಿ 85 ಸೆಂ.ಮೀ. ಅಗಲದ ಪರದೆ ಸಾಕು. 50 ಮಿ.ಮೀ. ಆದರೆ 1.35 ಮೀಟರ್ ಬೇಕು. ಪರದೆಯ ಅಂಚು ಫ್ರೇಮಿನೊಳಗೆ ಇಣುಕುವುದು, ಪಕ್ಕದ ಕಿಟಕಿ ನುಗ್ಗುವುದು, ಎಲ್ಲ ಇಲ್ಲೇ ತೀರ್ಮಾನ ಆಗುತ್ತದೆ.

ನಮ್ಮ ಬರ್ಗರ್‌ಗೆ 100 ಮಿ.ಮೀ. ಅಂತ ಬರೆದೆ. ಕ್ಯಾಮೆರಾ ಸೆನ್ಸರ್ ಚಿಕ್ಕದಿದ್ದರೆ ಈ ಸಂಖ್ಯೆಗಳು ಹಾಗೇ ಹೊಂದುವುದಿಲ್ಲ. 1.5 ಪಟ್ಟು ಕ್ರಾಪ್ ಇರುವ ಕ್ಯಾಮೆರಾದಲ್ಲಿ ಎರಡನ್ನೂ 1.5ರಿಂದ ಭಾಗಿಸಬೇಕು. 100 ಮಿ.ಮೀ., f/11 ಅಲ್ಲಿ ಸುಮಾರು 67 ಮಿ.ಮೀ., f/7.1 ಆಗುತ್ತದೆ. ಫೋಕಲ್ ಲೆಂತನ್ನು ಮಾತ್ರ ಭಾಗಿಸಿ ಎಫ್ ನಂಬರನ್ನು ಹಾಗೇ ಬಿಡುವವರು ಬಹಳ. ಆಗ ಬೇಡದಷ್ಟು ಡೆಪ್ತ್ ಸಿಗುತ್ತದೆ. ಹಾಗಾಗಿ ಬ್ರೀಫ್‌ನಲ್ಲಿ "ಫುಲ್ ಫ್ರೇಮ್ ಲೆಕ್ಕದಲ್ಲಿ" ಅನ್ನುವ ಮೂರು ಪದ ಸೇರಿಸಿಬಿಡಿ.

ಹೆಜ್ಜೆ 5: ಬ್ಲರ್ ಬೇಕಾದರೆ ಪರದೆಯನ್ನು ಹಿಂದೆ ತಳ್ಳಿ

ಈಗ ಮೊದಲಿನ ಜಗಳಕ್ಕೆ ಬರೋಣ. ಬರ್ಗರ್ ಪೂರ್ತಿ ಶಾರ್ಪ್ ಬೇಕು, ಅದಕ್ಕೆ f/11. ಹಿನ್ನೆಲೆ ಕರಗಬೇಕು, ಅದಕ್ಕೆ f/5.6 ಆದರೂ ಬೇಕು ಅನ್ನಿಸುತ್ತದೆ. ಇಬ್ಬರೂ ಹಟ ಹಿಡಿದ ಹಾಗೆ. ಎಫ್ ನಂಬರ್ ಒಂದನ್ನೇ ಹಿಡಿದುಕೊಂಡರೆ ಈ ಜಗಳ ಮುಗಿಯುವುದಿಲ್ಲ.

ಪರದೆ ಬರ್ಗರ್‌ನಿಂದ 50 ಸೆಂ.ಮೀ. ಹಿಂದಿದೆ ಅಂದುಕೊಳ್ಳಿ. 100 ಮಿ.ಮೀ., f/5.6ರಲ್ಲಿ ಪರದೆಯ ಮೇಲಿನ ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 0.56 ಮಿ.ಮೀ. ಅಗಲದ ಮಸುಕಾಗಿ ಹರಡುತ್ತದೆ. ಇದು ನಮಗೆ ಇಷ್ಟವಾದ ಕರಗುವಿಕೆ. f/11ಗೆ ಹೋದರೆ ಅದು ಅರ್ಧಕ್ಕೆ, ಸುಮಾರು 0.28 ಮಿ.ಮೀ.ಗೆ ಇಳಿಯುತ್ತದೆ. ಬಟ್ಟೆಯ ಮಡಿಕೆ ಮತ್ತೆ ಕಾಣತೊಡಗುತ್ತದೆ.

ಎಫ್ ನಂಬರ್ ಮುಟ್ಟಬೇಡಿ. ಪರದೆಯನ್ನು 50 ಸೆಂ.ಮೀ.ನಿಂದ ಒಂದೂವರೆ ಮೀಟರಿಗೆ ಸರಿಸಿ. ಅದೇ f/11ರಲ್ಲಿ ಮಸುಕು 0.52 ಮಿ.ಮೀ. ಆಗುತ್ತದೆ. ಮೊದಲಿನ f/5.6ಗೆ ಬಹುತೇಕ ಸಮ. ಬರ್ಗರ್‌ನ 73 ಮಿ.ಮೀ. ಡೆಪ್ತ್ ಒಂದು ಮಿಲಿಮೀಟರ್ ಕೂಡ ಕಮ್ಮಿ ಆಗಿಲ್ಲ. ಮೊದಲ ಸಲ ಈ ಎರಡು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು. ಎರಡು ಶೂಟ್ ಹಾಳಾಗಿದ್ದು ಒಂದು ಮೀಟರ್ ಜಾಗದ ವಿಷಯಕ್ಕೆ.

50 ಮಿ.ಮೀ. ಲೆನ್ಸಿನಲ್ಲಿ ಇದೇ ಮಾಡಿದರೆ ಮಸುಕು 0.33 ಮಿ.ಮೀ. ಮಾತ್ರ ಸಿಗುತ್ತದೆ. ಬರ್ಗರ್ ಮೇಲಿನ ಡೆಪ್ತ್ ಒಂದೇ ಇದ್ದರೂ ದೂರದ ಹಿನ್ನೆಲೆ ಉದ್ದದ ಲೆನ್ಸಿನಲ್ಲಿ ಹೆಚ್ಚು ಕರಗಿದ ಹಾಗೆ ಕಾಣುವುದು ನಿಜವೇ. "100 ಹಾಕಿದರೆ ಡೆಪ್ತ್ ಕಮ್ಮಿ" ಅನ್ನುವ ನಂಬಿಕೆ ಹುಟ್ಟಿದ್ದು ಬಹುಶಃ ಇಲ್ಲೇ.

ಇದಕ್ಕೆ ಬೇಕಾದದ್ದು ಜಾಗ. ಕ್ಯಾಮೆರಾದಿಂದ ಬರ್ಗರ್‌ಗೆ 1.1 ಮೀಟರ್, ಅಲ್ಲಿಂದ ಪರದೆಗೆ 1.5, ಕ್ಯಾಮೆರಾ ಹಿಂದೆ ಒಬ್ಬರು ನಿಲ್ಲಲು ಇನ್ನೊಂದಿಷ್ಟು. ಮೂರೂವರೆ ಮೀಟರ್ ಉದ್ದದ ಕೋಣೆ ಬೇಕು. ಅಷ್ಟಿಲ್ಲದಿದ್ದರೆ ಅದನ್ನು ಮೊದಲೇ ತಿಳಿದುಕೊಂಡು, ಗೆರೆ ಗೀರು ಇಲ್ಲದ ಸಾದಾ ಪರದೆ ಕೇಳಿ. ಏನೂ ಇಲ್ಲದ ಪರದೆಯನ್ನು ಬ್ಲರ್ ಮಾಡುವ ಅಗತ್ಯವೇ ಇರುವುದಿಲ್ಲ. ಬೆಳಕಿನ ಲೆಕ್ಕವೂ ಇದೆ. f/5.6ರಿಂದ f/11ಗೆ ಹೋದರೆ ನಾಲ್ಕು ಪಟ್ಟು ಬೆಳಕು ಬೇಕು. ತಿನಿಸು ಅಲ್ಲಾಡದೆ ಕೂತಿದ್ದರೆ ಟ್ರೈಪಾಡ್ ಹಾಕಿ 1/60 ಸೆಕೆಂಡನ್ನು 1/15 ಮಾಡಬಹುದು. ಸಾಸ್ ಸುರಿಯುತ್ತಿದ್ದರೆ ಆಗುವುದಿಲ್ಲ, ಫ್ಲ್ಯಾಶ್ ಬೇಕು.

ಹೆಜ್ಜೆ 6: ಯಾವ ಮಾತು ಬರೆಯಬಾರದು, ಯಾವುದು ಬರೆಯಬೇಕು

ಎಫ್ ನಂಬರ್ ಅಂದರೆ ಭಾಗಾಕಾರ. 100 ಮಿ.ಮೀ. ಲೆನ್ಸನ್ನು 4ರಿಂದ ಭಾಗಿಸಿದರೆ ಬಾಯಿ 25 ಮಿ.ಮೀ., 16ರಿಂದ ಭಾಗಿಸಿದರೆ 6 ಮಿ.ಮೀ. ಚಿಲ್ಲರೆ. ಸಂಖ್ಯೆ ದೊಡ್ಡದಾದರೆ ಬಾಯಿ ಚಿಕ್ಕದು. ಹಾಗಾಗಿ "ಅಪರ್ಚರ್ ಜಾಸ್ತಿ", "ಅಪರ್ಚರ್ ಕಮ್ಮಿ", "ದೊಡ್ಡ ಅಪರ್ಚರ್", "ಹೈ ಅಪರ್ಚರ್" ಈ ನಾಲ್ಕನ್ನೂ ನನ್ನ ಬ್ರೀಫ್‌ಗಳಿಂದ ತೆಗೆದುಹಾಕಿದೆ. ಸೆಟ್‌ನಲ್ಲಿ ಮಾತಾಡುವಾಗ "ಎರಡು ಸ್ಟಾಪ್ ತೆರೀರಿ", "ಒಂದು ಸ್ಟಾಪ್ ಮುಚ್ಚಿ" ಅನ್ನಿ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವ ಒಂದು ಹೆಜ್ಜೆ. ತೆರೆಯುವುದು ಮುಚ್ಚುವುದು ಅಂದಾಗ ಗೊಂದಲ ಆಗುವುದಿಲ್ಲ. ಬರೆಯುವಾಗ ಸಂಖ್ಯೆಯನ್ನೇ ಬರೆಯಿರಿ.

"ಶ್ಯಾಲೋ ಡೆಪ್ತ್", "ಕ್ರೀಮಿ ಬೊಕೆ" ಕೂಡ ತೊಂದರೆಯ ಪದಗಳು. ಅವು ಏನು ಕಾಣಬಾರದು ಅಂತ ಹೇಳುತ್ತವೆ, ಏನು ಕಾಣಬೇಕು ಅಂತ ಹೇಳುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಶಾರ್ಪ್, ಯಾವುದು ಮಸುಕಾದರೂ ಗುರುತು ಸಿಗಬೇಕು, ಯಾವುದು ಬರೀ ಬಣ್ಣವಾಗಿ ಉಳಿದರೆ ಸಾಕು, ಈ ಮೂರನ್ನು ತಿನಿಸಿನ ಭಾಗಗಳ ಹೆಸರು ಹಿಡಿದು ಬರೆಯಿರಿ. "ಹಿಂದಿನ ಗ್ಲಾಸ್ ಬ್ಲರ್" ಅನ್ನುವುದಕ್ಕೂ "ಹಿಂದಿನ ಗ್ಲಾಸ್ ಮಸುಕಿರಲಿ, ಆದರೆ ಐಸ್ ಇರುವ ತಂಪು ಪಾನೀಯ ಅಂತ ಗೊತ್ತಾಗಲಿ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದನ್ನು ಓದಿದವರು ಗ್ಲಾಸನ್ನು ಎಲ್ಲಿಡಬೇಕು ಅಂತ ತಾವೇ ಲೆಕ್ಕ ಹಾಕುತ್ತಾರೆ.

ನಮ್ಮ ಬರ್ಗರ್‌ಗೆ ಕೊನೆಗೆ ಬರೆದ ಸಾಲು ಹೀಗಿತ್ತು:

> ಬರ್ಗರ್ ಎದುರಿನಿಂದ, ಅದರ ಮಟ್ಟದಲ್ಲೇ. ಫ್ರೇಮ್ ಅಗಲ ಬರ್ಗರ್ ಇರುವಲ್ಲಿ 36 ಸೆಂ.ಮೀ. ಲೆಟಿಸ್ ತುದಿಯಿಂದ ಬನ್‌ನ ಎಡ ಬಲ ಅಂಚಿನವರೆಗೆ, ಸುಮಾರು 6.5 ಸೆಂ.ಮೀ., ಪೂರ್ತಿ ಶಾರ್ಪ್. ಫುಲ್ ಫ್ರೇಮ್ ಲೆಕ್ಕದಲ್ಲಿ 100 ಮಿ.ಮೀ., f/11ರಿಂದ ಶುರು. ಪರದೆ 1.5 ಮೀ. ಹಿಂದೆ, ಬರೀ ಬಣ್ಣವಾಗಿ ಕಂಡರೆ ಸಾಕು. ಬಳಕೆ: ಅಡ್ಡ ಚಿತ್ರ, ಕ್ರಾಪ್ ಇಲ್ಲ.

"f/11ರಿಂದ ಶುರು" ಅನ್ನುವುದನ್ನು ಬೇಕಂತಲೇ ಬರೆದಿದ್ದೇನೆ. ಫೋಟೋಗ್ರಾಫರ್ ಕೈ ಕಟ್ಟಬಾರದು. ಶಾರ್ಪ್ ಜಾಗ ನನ್ನ ಬೇಡಿಕೆ, ಎಫ್ ನಂಬರ್ ನನ್ನ ಊಹೆ. ಎರಡೂ ಸಾಲಿನಲ್ಲಿ ಇದ್ದರೆ, ಒಂದು ಇನ್ನೊಂದಕ್ಕೆ ಹೊಂದದಿದ್ದಾಗ ಅವರು ಬೇಡಿಕೆಯ ಕಡೆ ನಿಲ್ಲುತ್ತಾರೆ.

ಹೆಜ್ಜೆ 7: ಶೂಟ್ ದಿನ ಒಂದು ಸ್ಕೇಲ್ ಮಲಗಿಸಿ

ಲೆಕ್ಕ ಎಷ್ಟೇ ಸರಿ ಇದ್ದರೂ ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಬೇಕು. ಬರ್ಗರ್ ಪಕ್ಕದಲ್ಲಿ, ಕ್ಯಾಮೆರಾ ಕಡೆಯಿಂದ ಹಿಂದಕ್ಕೆ, ಒಂದು ಸ್ಕೇಲ್ ಮಲಗಿಸಿ. ಕ್ಯಾಮೆರಾ ತೀರ ಕೆಳಗಿದ್ದರೆ ಸ್ಕೇಲಿನ ಹಿಂದಿನ ತುದಿಯನ್ನು ಸ್ವಲ್ಪ ಎತ್ತಿ, ಅಂಕಿ ಕಾಣಬೇಕು. ಒಂದು ಚಿತ್ರ ತೆಗೆದು ಸ್ಕ್ರೀನ್ ಮೇಲೆ 100% ಜೂಮ್ ಮಾಡಿ ನೋಡಿ. ಯಾವ ಅಂಕಿಯಿಂದ ಯಾವ ಅಂಕಿಯವರೆಗೆ ಗೆರೆಗಳು ಚೂಪಾಗಿವೆಯೋ ಅದೇ ನಿಮ್ಮ ನಿಜವಾದ ಡೆಪ್ತ್. ವ್ಯೂಫೈಂಡರ್ ನಂಬಬೇಡಿ. ಬಹಳ ಕ್ಯಾಮೆರಾಗಳು ಲೆನ್ಸನ್ನು ಪೂರ್ತಿ ತೆರೆದಿಟ್ಟುಕೊಂಡೇ ತೋರಿಸುತ್ತವೆ, ಬಟನ್ ಒತ್ತಿದಾಗ ಮಾತ್ರ f/11ಗೆ ಮುಚ್ಚುತ್ತವೆ.

ಇಲ್ಲಿ ಹೆಚ್ಚಾಗಿ ಸಿಗುವ ತಪ್ಪು ಒಂದೇ. ಡೆಪ್ತ್ ಸಾಕಷ್ಟಿದೆ, ಆದರೆ ಅದು ಬರ್ಗರ್ ಮೇಲೆ ಕೂತಿಲ್ಲ. ದೂರದ ದೃಶ್ಯಗಳಿಗೆ ಹೇಳುವ "ಮೂರನೇ ಒಂದು ಮುಂದೆ, ಎರಡು ಹಿಂದೆ" ಅನ್ನುವ ಮಾತು ಇಷ್ಟು ಹತ್ತಿರದಲ್ಲಿ ನಡೆಯುವುದಿಲ್ಲ. ಡೆಪ್ತ್ ಫೋಕಸ್ ಬಿಂದುವಿನ ಮುಂದೆ ಹಿಂದೆ ಬಹುತೇಕ ಸಮನಾಗಿ ಹಂಚಿಕೊಳ್ಳುತ್ತದೆ. ಆಟೋಫೋಕಸ್ ಚೀಸ್ ಹನಿಯ ಮೇಲೆ ಕೂತಿತು ಅಂದುಕೊಳ್ಳಿ. 73 ಮಿ.ಮೀ.ನಲ್ಲಿ ಅರ್ಧ, 36 ಮಿ.ಮೀ. ಮುಂದಕ್ಕೆ ಬರುತ್ತದೆ. ಎಲೆ ಚಾಚಿರುವುದು 10 ಮಿ.ಮೀ. ಮಾತ್ರ. ಉಳಿದ 26 ಮಿ.ಮೀ. ಸುಮ್ನೆ ಗಾಳಿಯಲ್ಲಿ ಹೋಯಿತು. ಹಿಂದೆ ಪಕ್ಕದ ಅಂಚುಗಳು ಮಸುಕು. ಚಿತ್ರ ನೋಡಿದವರು ಡೆಪ್ತ್ ಸಾಲದು ಅಂತ f/16ಗೆ ಹೋಗುತ್ತಾರೆ. ಬೇಕಾಗಿದ್ದದ್ದು ಫೋಕಸನ್ನು ಎರಡು ಸೆಂಟಿಮೀಟರ್ ಹಿಂದೆ ಸರಿಸುವುದು.

ಅಲ್ಲಿ ಹಿಡಿಯಲು ಏನೂ ಇಲ್ಲವಲ್ಲ ಅನ್ನಿಸಬಹುದು. ಅಚ್ಚು ಅಕ್ಷರ ಇರುವ ಒಂದು ಕಾರ್ಡನ್ನು ಬರ್ಗರ್ ಪಕ್ಕ, ಚೀಸ್‌ಗಿಂತ ಎರಡು ಸೆಂ.ಮೀ. ಹಿಂದೆ ನಿಲ್ಲಿಸಿ. ಅದರ ಮೇಲೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ಕಾರ್ಡ್ ತೆಗೆಯಿರಿ. ಆಮೇಲೆ ಎಲೆಯ ತುದಿ, ಚೀಸ್, ಪಕ್ಕದ ಅಂಚು ಮೂರನ್ನೂ 100%ರಲ್ಲಿ ನೋಡಿ. ಮೂರೂ ಒಂದೇ ತರ ಮೆತ್ತಗಿದ್ದರೆ ಕ್ಯಾಮೆರಾ ಅಲುಗಾಡಿದೆ ಅಥವಾ ಡಿಫ್ರಾಕ್ಷನ್. ಒಂದು ಮಾತ್ರ ಮೆತ್ತಗಿದ್ದರೆ ಫೋಕಸ್ ಜಾಗ ತಪ್ಪಿದೆ. ಎರಡೂ ತುದಿ ಮೆತ್ತಗಿದ್ದು ನಡುವೆ ಚೂಪಾಗಿದ್ದರೆ ಮಾತ್ರ ಡೆಪ್ತ್ ನಿಜವಾಗಿ ಸಾಲದು.

ಒಂದೇ ಕ್ಲಿಕ್ಕಿನಲ್ಲಿ ಆಗದಿದ್ದಾಗ

ಮೊದಲು ಹೇಳಿದ 45 ಡಿಗ್ರಿ ತಟ್ಟೆಗೆ 18 ಸೆಂ.ಮೀ. ಡೆಪ್ತ್ ಬೇಕು. ಅದಕ್ಕೆ ಎರಡು ದಾರಿ. ಟಿಲ್ಟ್ ಲೆನ್ಸ್ ಶಾರ್ಪ್ ಆಗಿರುವ ಸಮತಲವನ್ನೇ ವಾಲಿಸಿ ತಟ್ಟೆಯ ಮೇಲೆ ಮಲಗಿಸುತ್ತದೆ. ಚಪ್ಪಟೆ ತಿನಿಸಿಗೆ ಅದ್ಭುತ. ಆದರೆ ತಟ್ಟೆಯ ಮೇಲೆ ಎತ್ತರದ ಗ್ಲಾಸ್ ಇದ್ದರೆ ಅದರ ತಲೆ ಆ ಸಮತಲದಿಂದ ಹೊರಗೆ ಹೋಗಿ ಮಸುಕಾಗುತ್ತದೆ.

ಇನ್ನೊಂದು ಫೋಕಸ್ ಸ್ಟ್ಯಾಕಿಂಗ್. ಫೋಕಸನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ ಹಲವು ಚಿತ್ರ ತೆಗೆದು ಆಮೇಲೆ ಜೋಡಿಸುವುದು. f/8ರಲ್ಲಿ ಒಂದೊಂದು ಚಿತ್ರಕ್ಕೆ 53 ಮಿ.ಮೀ. ಸಿಗುತ್ತದೆ. ಒಂದರ ಮೇಲೊಂದು ಚೆನ್ನಾಗಿ ಹಾಯಲಿ ಅಂತ 30 ಮಿ.ಮೀ.ಗೊಂದು ತೆಗೆದರೆ 18 ಸೆಂ.ಮೀ.ಗೆ ಆರೇಳು ಚಿತ್ರ ಸಾಕು. ಅಷ್ಟು ಹೊತ್ತು ತಿನಿಸು ಅಲ್ಲಾಡಬಾರದು. ಆವಿ, ಸುರಿಯುವ ಸಾಸ್, ಕರಗುವ ಐಸ್‌ಕ್ರೀಂ ಇದ್ದರೆ ಜೋಡಿಸಿದ ಚಿತ್ರದಲ್ಲಿ ಅಂಚು ಎರಡೆರಡಾಗಿ ಕಾಣುತ್ತದೆ. ಆವಿ ಬೇಕೇ ಬೇಕು ಅಂದರೆ ತಟ್ಟೆಯನ್ನು ಸ್ಟ್ಯಾಕ್ ಮಾಡಿ, ಆವಿಯನ್ನು ಬೇರೆ ಒಂದೇ ಚಿತ್ರವಾಗಿ ತೆಗೆಯಲು ಬ್ರೀಫ್‌ನಲ್ಲೇ ಹೇಳಿ.

ಬಳಕೆಯ ಸಾಲನ್ನು ಬಿಡಬೇಡಿ

ನನ್ನ ಬ್ರೀಫ್ ಸಾಲಿನ ತುದಿಯಲ್ಲಿ "ಕ್ರಾಪ್ ಇಲ್ಲ" ಅಂತ ಇದೆ, ಗಮನಿಸಿದಿರಾ? ಅಡ್ಡ ಚಿತ್ರದಿಂದಲೇ ನಿಲುವು ಚಿತ್ರ ಕತ್ತರಿಸಿಕೊಳ್ಳೋಣ ಅಂತ ಕ್ಲೈಂಟ್ ಆಮೇಲೆ ಹೇಳುವುದು ಮಾಮೂಲಿ. ಚಿತ್ರದ ಅರ್ಧ ಅಗಲ ಮಾತ್ರ ಕತ್ತರಿಸಿ ಅದನ್ನೇ ಮೊದಲಿನಷ್ಟು ದೊಡ್ಡದಾಗಿ ತೋರಿಸಿದರೆ, ಮಸುಕಿನ ಚುಕ್ಕೆಯೂ ಎರಡು ಪಟ್ಟು ದೊಡ್ಡದಾಗುತ್ತದೆ. `c` 0.03 ಇದ್ದದ್ದು 0.015 ಆಗಬೇಕು. ಅಂದರೆ f/11ರ 73 ಮಿ.ಮೀ. ಡೆಪ್ತ್ ಆ ಕತ್ತರಿಸಿದ ಚಿತ್ರದಲ್ಲಿ 36 ಮಿ.ಮೀ. ಮಾತ್ರ. ಪೂರ್ತಿ ಚಿತ್ರದಲ್ಲಿ ಕಡಿದಿಟ್ಟ ಹಾಗಿದ್ದ ಬನ್ ಅಂಚು ಕ್ರಾಪ್‌ನಲ್ಲಿ ಮಸುಕಾಗಿ ಕಾಣುತ್ತದೆ, ಯಾರೂ ಏನೂ ತಪ್ಪು ಮಾಡದೆ.

ಅಂಥ ಬಳಕೆ ಇದೆ ಅಂತ ಮೊದಲೇ ಗೊತ್ತಿದ್ದರೆ f/11ರ ಒಂದು ಚಿತ್ರದ ಬದಲು f/8ರಲ್ಲಿ 15 ಮಿ.ಮೀ.ಗೊಂದರಂತೆ ಐದಾರು ಚಿತ್ರ ಸ್ಟ್ಯಾಕ್ ಕೇಳಿ. ಅಥವಾ ನಿಲುವು ಚಿತ್ರಕ್ಕೆ ಕ್ಯಾಮೆರಾ ತಿರುಗಿಸಿ ಇನ್ನೊಂದು ಫ್ರೇಮ್ ತೆಗೆಸಿ. ಟ್ರೈಪಾಡ್ ಮೇಲೆ ಅದು ಕೆಲವು ನಿಮಿಷದ ಕೆಲಸ. ಲೆಟಿಸ್ ಬಾಡುವ ಮೊದಲು ಮುಗಿಯುತ್ತದೆ.